ಹನ್ನೊಂದು ಕಿಲೊಮೀಟರಿನಲ್ಲಿ ಓಟ ಎಷ್ಟು?

ಯುರೋಪಿನ ಎಷ್ಟೋ ಪಂದ್ಯಗಳು ನಮ್ಮಲ್ಲಿ ಶುರುವಾಗುವುದು ನಡುರಾತ್ರಿ ದಾಟಿದ ಮೇಲೆ. ಹಾಸನದ ಕಾಲೇಜು ಹುಡುಗರ ಬಾಡಿಗೆ ರೂಮುಗಳಲ್ಲಿ ಆಗಲೂ ಲೈಟು ಉರಿಯುತ್ತಿರುತ್ತದೆ. ಎಪ್ಪತ್ತೈದನೇ ನಿಮಿಷದ ಹೊತ್ತಿಗೆ ಪರದೆಯ ತಳದಲ್ಲಿ ಒಂದು ಪಟ್ಟಿ ಮೂಡುತ್ತದೆ. ಆಟಗಾರನ ಹೆಸರು, ಪಕ್ಕದಲ್ಲಿ 9.4 ಕಿ.ಮೀ. “ಏನೋ ಇದು, ಇವ್ನು ಮನುಷ್ಯನೋ ಕುದುರೆಯೋ” ಎಂದು ಒಬ್ಬ ಬೆರಗಾಗುತ್ತಾನೆ. ಮಂಚದ ಮೇಲೆ ಒರಗಿಕೊಂಡ ಇನ್ನೊಬ್ಬ, “ಎಲ್ಲಿ ಓಡ್ದ ಮಾರಾಯ, ಆಗ್ಲಿಂದ ನಡ್ಕೊಂಡೇ ಅಡ್ಡಾಡ್ತಾವ್ನೆ” ಎನ್ನುತ್ತಾನೆ.

ಇಬ್ಬರು ಹೇಳಿದ್ದೂ ನಿಜ. 9.4 ಕಿ.ಮೀ. ಆಗಿದೆ. ಅದರಲ್ಲಿ ದೊಡ್ಡ ಪಾಲು ನಡಿಗೆ ಮತ್ತು ನಿಧಾನದ ಓಟ.

ದೊಡ್ಡ ಲೀಗ್‌ಗಳಲ್ಲಿ ಗೋಲ್‌ಕೀಪರ್ ಬಿಟ್ಟು ಉಳಿದವರು ಪಂದ್ಯವೊಂದಕ್ಕೆ ಸಾಮಾನ್ಯವಾಗಿ ತಲಾ 10ರಿಂದ 12 ಕಿ.ಮೀ. ಸಾಗುತ್ತಾರೆ. ಇಡೀ ತಂಡದ ಮೊತ್ತ 110 ಕಿ.ಮೀ. ಆಸುಪಾಸಿನಲ್ಲಿರುತ್ತದೆ. ಹಾಸನ ಬಿಟ್ಟು ಅರಕಲಗೂಡಿಗೆ ಹೋಗಿ, ಅಲ್ಲಿಂದ ಹೊಳೆನರಸೀಪುರ, ಚನ್ನರಾಯಪಟ್ಟಣ ಸುತ್ತಿ ಮತ್ತೆ ಹಾಸನ ಸೇರಿದರೆ ಆಗುವ ದೂರವೂ ಹೆಚ್ಚು ಕಡಿಮೆ ಅಷ್ಟೇ. ಆದರೆ ಆ ಸುತ್ತನ್ನು ಎತ್ತಿನ ಗಾಡಿಯಲ್ಲಿ ಮುಗಿಸಿದರೋ ಕಾರಿನಲ್ಲೋ ಎಂಬುದು ಕಿಲೊಮೀಟರಿನ ಲೆಕ್ಕದಿಂದ ತಿಳಿಯುವುದಿಲ್ಲ. ಅದಕ್ಕೇ ಈಗಿನ ತರಬೇತುದಾರರು ಒಟ್ಟು ದೂರದ ಮೇಲೆ ಕಣ್ಣಾಡಿಸಿ, ಎಷ್ಟು ಹೊತ್ತು ಯಾವ ವೇಗದಲ್ಲಿದ್ದ ಎಂಬ ಪಟ್ಟಿಗೆ ಬೇಗ ಹೊರಳುತ್ತಾರೆ.

ಚುಕ್ಕಿ ಚುಕ್ಕಿ ಸೇರಿಸಿ

ಆಟಗಾರ ಎಷ್ಟು ದೂರ ಸಾಗಿದ ಎಂಬುದನ್ನು ಯಾವ ಯಂತ್ರವೂ ನೇರವಾಗಿ ಅಳೆಯುವುದಿಲ್ಲ. ಈ ಕ್ಷಣದಲ್ಲಿ ಅವನು ಮೈದಾನದ ಯಾವ ಜಾಗದಲ್ಲಿದ್ದಾನೆ ಎಂಬುದನ್ನು ಅದು ಸಾಮಾನ್ಯವಾಗಿ ಗುರುತು ಮಾಡಿಕೊಳ್ಳುತ್ತದೆ. ಮುಂದಿನ ಕ್ಷಣ ಇನ್ನೊಂದು ಗುರುತು. ಎರಡರ ನಡುವಿನ ಅಂತರ ದೂರವಾಯಿತು. ಆ ದೂರವನ್ನು ನಡುವಿನ ಸಮಯದಿಂದ ಭಾಗಿಸಿದರೆ ವೇಗ ಸಿಕ್ಕಿತು. ಇಂಥ ಸಾವಿರಾರು ತುಂಡುಗಳನ್ನು ಕೂಡಿದ ಮೊತ್ತವೇ ಟಿವಿಯಲ್ಲಿ ಕಾಣುವ ಸಂಖ್ಯೆ.

ಗುರುತು ಹಾಕಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಕ್ರೀಡಾಂಗಣದ ಚಾವಣಿ ಅಥವಾ ಎತ್ತರದ ಕಟ್ಟೆಯಲ್ಲಿ ಕೂರಿಸಿದ ಕ್ಯಾಮೆರಾಗಳು. ಸೆಕೆಂಡಿಗೆ 25 ಸಲ ಎಲ್ಲ ಆಟಗಾರರ ಜಾಗ ಗುರುತಿಸುವುದು ಇವುಗಳ ಸಾಮಾನ್ಯ ಲೆಕ್ಕ. 2022ರ ಕತಾರ್ ವಿಶ್ವಕಪ್ಪಿನಲ್ಲಿ ಆಫ್‌ಸೈಡ್ ತೀರ್ಮಾನಕ್ಕೆಂದು ಚಾವಣಿಯ ಕೆಳಗೆ ಅಳವಡಿಸಿದ್ದ 12 ಕ್ಯಾಮೆರಾಗಳು ಒಬ್ಬೊಬ್ಬರ ಮೈಯಲ್ಲಿ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಗುರುತಿಸುತ್ತಿದ್ದವು. ಇನ್ನೊಂದು, ಆಟಗಾರ ಜರ್ಸಿಯ ಒಳಗೆ ತೊಡುವ ಬಿಗಿ ಅಂಗಿ. ಅದರ ಬೆನ್ನಿನ ಮೇಲ್ಭಾಗದ ಪುಟ್ಟ ಜೇಬಿನಲ್ಲಿ ಜಿಪಿಎಸ್ ಪೆಟ್ಟಿಗೆ ಕೂರುತ್ತದೆ. ನಮ್ಮ ಐಎಸ್‌ಎಲ್ ತಂಡಗಳ ಅಭ್ಯಾಸದ ಫೋಟೊಗಳಲ್ಲಿ ಕಾಣುವ ಕಪ್ಪು ತುಂಡು ಬನಿಯನ್ ಅದೇ. ಪಂದ್ಯದಲ್ಲೂ ಅದನ್ನು ತೊಡಲು ಫುಟ್‌ಬಾಲಿನ ನಿಯಮ ಮಂಡಳಿ ಒಪ್ಪಿದ್ದು 2015ರಲ್ಲಿ.

ಜಿಪಿಎಸ್ ಪೆಟ್ಟಿಗೆಗೆ ತೆರೆದ ಆಕಾಶ ಬೇಕು. ಸುತ್ತ ಎತ್ತರದ ಚಾವಣಿ ಇದ್ದರೆ ಉಪಗ್ರಹದ ಸಂಕೇತ ಅಡ್ಡಾದಿಡ್ಡಿಯಾಗುತ್ತದೆ. ಈ ವಿಷಯದಲ್ಲಿ ನಮ್ಮ ತಾಲ್ಲೂಕು ಮೈದಾನಗಳು ದೊಡ್ಡ ಕ್ರೀಡಾಂಗಣಗಳಿಗಿಂತ ಅನುಕೂಲ ಎಂದೇ ಹೇಳಬೇಕು. ಮೇಲೆ ಆಕಾಶ ಬಿಟ್ಟರೆ ಬೇರೇನೂ ಇಲ್ಲ.

ನಿಂತವನೂ ಒಂದು ಕಿಲೊಮೀಟರ್

ಒಬ್ಬ ಆಟಗಾರ ಇಡೀ ಪಂದ್ಯ ಒಂದೇ ಕಡೆ ಅಲುಗಾಡದೆ ನಿಂತಿದ್ದಾನೆ ಎಂದುಕೊಳ್ಳೋಣ. ಅವನ ಬೆನ್ನಿನ ಪೆಟ್ಟಿಗೆ ಸೆಕೆಂಡಿಗೆ 10 ಸಲ ಜಾಗ ಬರೆದುಕೊಳ್ಳುತ್ತಿದೆ. ಪ್ರತಿ ಸಲದ ಗುರುತೂ ಹಿಂದಿನದಕ್ಕಿಂತ ಬರೀ 2 ಸೆಂಟಿಮೀಟರ್ ಆಚೀಚೆ ಬೀಳುತ್ತಿದೆ. ತೊಂಬತ್ತು ನಿಮಿಷಕ್ಕೆ 54,000 ಗುರುತುಗಳಾದವು. ಒಂದೊಂದಕ್ಕೆ 2 ಸೆಂಟಿಮೀಟರಿನಂತೆ ಕೂಡಿದರೆ 1,080 ಮೀಟರ್. ಹೆಜ್ಜೆ ಕಿತ್ತಿಡದವನ ಹೆಸರಿನಲ್ಲಿ ಒಂದು ಕಿಲೊಮೀಟರ್ ಜಮೆಯಾಯಿತು!

ದೂರಕ್ಕೆ ಕಳೆಯುವ ಲೆಕ್ಕವಿಲ್ಲದಿರುವುದೇ ಇದಕ್ಕೆ ಕಾರಣ. ಎಡಕ್ಕೆ ಬಿದ್ದ ತಪ್ಪು ಗುರುತೂ ದೂರ, ಬಲಕ್ಕೆ ವಾಪಸ್ ಬಂದ ಗುರುತೂ ದೂರ. ತಪ್ಪುಗಳು ಒಂದನ್ನೊಂದು ಹೊಡೆದುಹಾಕದೆ ಕೂಡುತ್ತಲೇ ಹೋಗುತ್ತವೆ. ಆದ್ದರಿಂದ ಪ್ರತಿ ಕಂಪನಿಯ ತಂತ್ರಾಂಶವೂ ಮೊದಲು ಗುರುತುಗಳನ್ನು ಸವರಿ ನಯ ಮಾಡುತ್ತದೆ. ಅಂದರೆ ಅಕ್ಕಪಕ್ಕದ ಕೆಲವು ಗುರುತುಗಳ ಸರಾಸರಿ ತೆಗೆದು ನಡುಕವನ್ನು ಅಳಿಸುತ್ತದೆ.

ಅತಿಯಾಗಿ ಸವರಿದರೆ ಇನ್ನೊಂದು ನಷ್ಟ. ಥಟ್ಟನೆ ತಿರುಗಿದ ಚೂಪು ಮೂಲೆ ಬಾಗಿದ ಗೆರೆಯಾಗುತ್ತದೆ. ಒಂದೇ ಕ್ಷಣ ಮುಟ್ಟಿದ ಗರಿಷ್ಠ ವೇಗ ಸಪಾಟಾಗುತ್ತದೆ. ಮಾಮೂಲಿ ಮೊಬೈಲಿನ ಆ್ಯಪ್‌ನಲ್ಲಿ ಸೆಕೆಂಡಿಗೆ ಒಂದೇ ಗುರುತು ಬೀಳುವುದಾದರೆ, ಆ ಒಂದು ಸೆಕೆಂಡಿನಲ್ಲಿ ತುಸು ಮುಂದೆ ನುಗ್ಗಿ ಅಷ್ಟೇ ಹಿಂದೆ ಬಂದ ಡಿಫೆಂಡರ್ ನಿಂತಲ್ಲೇ ಇದ್ದ ಎಂದು ದಾಖಲಾಗುತ್ತದೆ. ಎಷ್ಟು ಸವರಬೇಕು ಎಂಬುದು ಒಂದೊಂದು ಕಂಪನಿಯದು ಒಂದೊಂದು ರೀತಿ. ಹೀಗಾಗಿ ಕ್ಯಾಮೆರಾದಿಂದ ಬಂದ 10.8 ಕಿ.ಮೀ.ಯನ್ನು ಅಂಗಿಯಿಂದ ಬಂದ 10.4ರ ಪಕ್ಕದಲ್ಲಿಟ್ಟು ಯಾರು ಹೆಚ್ಚು ಓಡಿದರು ಎಂದು ವಾದಿಸುವುದರಲ್ಲಿ ಅರ್ಥವಿಲ್ಲ.

ಐದು ವಲಯಗಳು

ಕತಾರ್ ವಿಶ್ವಕಪ್ಪಿನ ವರದಿಗಳಲ್ಲಿ ಫಿಫಾ ಬಳಸಿದ ಗೆರೆಗಳು ಹೀಗಿದ್ದವು: ಗಂಟೆಗೆ 7 ಕಿ.ಮೀ.ವರೆಗೆ ಮೊದಲ ವಲಯ. ನಿಲ್ಲುವುದು, ನಡೆಯುವುದು ಎಲ್ಲ ಅದರಲ್ಲಿ. 7ರಿಂದ 15 ನಿಧಾನದ ಓಟ. 15ರಿಂದ 20 ಓಟ. 20ರಿಂದ 25 ವೇಗದ ಓಟ. 25 ದಾಟಿದರೆ ಸ್ಪ್ರಿಂಟ್.

ಆಟಗಾರನ ಸಮಯ ಈ ವಲಯಗಳಲ್ಲಿ ಹಂಚಿಹೋಗುವ ರೀತಿ ಮೊದಲ ಸಲ ನೋಡುವವರಿಗೆ ನಂಬಲು ಕಷ್ಟ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಆಟಗಾರರನ್ನು ಕ್ಯಾಮೆರಾಗಳಿಂದ ಹಿಂಬಾಲಿಸಿ ಪಾಲ್ ಬ್ರಾಡ್ಲಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ ದೂರ 10.7 ಕಿ.ಮೀ. ಆಗಿತ್ತು. ಅವರ ಗೆರೆಗಳು ಫಿಫಾದ್ದಕ್ಕಿಂತ ತುಸು ಬೇರೆ, ಆದರೆ ಸ್ಪ್ರಿಂಟಿನ ಗೆರೆ ಹೆಚ್ಚುಕಡಿಮೆ ಅದೇ 25. ಪಂದ್ಯದ ಸಮಯದಲ್ಲಿ ಸುಮಾರು ಶೇ 59 ನಡಿಗೆ, ಶೇ 26 ನಿಧಾನದ ಓಟ. ಸ್ಪ್ರಿಂಟಿನ ಪಾಲು ಶೇ 0.6. ತೊಂಬತ್ತು ನಿಮಿಷದಲ್ಲಿ ಅದು ಅರ್ಧ ನಿಮಿಷದ ಮಾತು.

ಗೋಲು ಬೀಳುವುದು, ತಪ್ಪುವುದು ಎಷ್ಟೋ ಸಲ ಈ ಅರ್ಧ ನಿಮಿಷದ ಸುತ್ತಮುತ್ತ. ಮಂಚದ ಮೇಲಿನ ಹುಡುಗ “ನಡ್ಕೊಂಡೇ ಅಡ್ಡಾಡ್ತಾವ್ನೆ” ಎಂದದ್ದನ್ನು ಬೈಗುಳವಾಗಿ ತೆಗೆದುಕೊಳ್ಳಬೇಕಿಲ್ಲ. ಚೆಂಡು ಹೊರಗೆ ಹೋದಾಗ, ಫ್ರೀ ಕಿಕ್‌ಗೆ ಗೋಡೆ ಕಟ್ಟುವಾಗ, ಆಟ ಇನ್ನೊಂದು ಬದಿಯಲ್ಲಿ ನಡೆಯುತ್ತಿರುವಾಗ ನಡೆಯದವನ ಬಳಿ ಎಂಬತ್ತನೇ ನಿಮಿಷಕ್ಕೆ ಸ್ಪ್ರಿಂಟ್ ಉಳಿದಿರುವುದಿಲ್ಲ. ಲಿಯೊನೆಲ್ ಮೆಸ್ಸಿಯ ನಡಿಗೆ ಪ್ರಪಂಚಕ್ಕೇ ಗೊತ್ತು.

ವರ್ಷಗಳು ಕಳೆದಂತೆ ಆಟದಲ್ಲಿ ಆದ ಬದಲಾವಣೆಯೂ ವಲಯಗಳಲ್ಲೇ ಕಾಣುತ್ತದೆ. ಪ್ರೀಮಿಯರ್ ಲೀಗಿನ 2006-07ರಿಂದ 2012-13ರವರೆಗಿನ ಏಳು ಸೀಸನ್‌ಗಳನ್ನು ಹೋಲಿಸಿದ ಇನ್ನೊಂದು ಅಧ್ಯಯನದಲ್ಲಿ ಒಟ್ಟು ದೂರ ಏರಿದ್ದು ಶೇ 2ರಷ್ಟು ಮಾತ್ರ. ಸ್ಪ್ರಿಂಟಿನಲ್ಲಿ ಕ್ರಮಿಸಿದ ದೂರ ಏರಿದ್ದು ಸುಮಾರು ಶೇ 35. ಒಟ್ಟು ದೂರವನ್ನಷ್ಟೇ ನೋಡಿದವರಿಗೆ ಆಟ ಇದ್ದ ಹಾಗೇ ಇದೆ ಎನಿಸುತ್ತಿತ್ತು.

ಹತ್ತು ಸೆಕೆಂಡಿನ ಒಂದು ಓಟ

ಗೆರೆ ಎಂದ ಮೇಲೆ ಅದರ ಈಚೆ ಆಚೆಯ ತಕರಾರು ಇದ್ದದ್ದೇ. ಒಂದು ಲೆಕ್ಕ ಹಾಕಿ ನೋಡೋಣ. ವಿಂಗರ್ ಒಬ್ಬ ಪಾಸ್ ಹಿಡಿಯಲು ಹತ್ತು ಸೆಕೆಂಡ್ ಓಡುತ್ತಾನೆ. ಪ್ರತಿ ಸೆಕೆಂಡಿನಲ್ಲಿ ಅವನ ವೇಗ ಕ್ರಮವಾಗಿ ಗಂಟೆಗೆ 6, 12, 18, 22, 25.4, 25.8, 24.6, 25.3, 19, 10 ಕಿ.ಮೀ. ಎಂದಿಟ್ಟುಕೊಳ್ಳಿ.

ಗಂಟೆಗೆ ಕಿ.ಮೀ.ಯನ್ನು 3.6ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಮೀಟರ್ ಎಂದು ತಿಳಿಯುತ್ತದೆ. ಹತ್ತನ್ನೂ ಹಾಗೆ ಮಾಡಿ ಕೂಡಿದರೆ ಒಟ್ಟು 52 ಮೀಟರ್. 25ರ ಗೆರೆ ದಾಟಿದ ಸೆಕೆಂಡುಗಳು ಮೂರು: 25.4, 25.8, 25.3. ಅವುಗಳಲ್ಲಿ ಸಾಗಿದ್ದು 21 ಮೀಟರ್. ವರದಿಯಲ್ಲಿ “ಸ್ಪ್ರಿಂಟ್ 3 ಸೆಕೆಂಡ್, 21 ಮೀಟರ್” ಎಂದು ಬರುತ್ತದೆ.

ಈಗ ಅದೇ ಓಟವನ್ನು ವೇಗ ಶೇ 2ರಷ್ಟು ಕಡಿಮೆ ತೋರಿಸುವ ಇನ್ನೊಂದು ಯಂತ್ರ ಅಳೆಯಿತು ಎನ್ನೋಣ. 25.4 ಹೋಗಿ 24.9 ಆಯಿತು. 25.3 ಹೋಗಿ 24.8 ಆಯಿತು. ಗೆರೆಯ ಮೇಲೆ ಉಳಿದದ್ದು 25.8 ಇದ್ದ ಒಂದೇ ಸೆಕೆಂಡ್, ಅದೂ 25.3 ಆಗಿ. ಒಟ್ಟು ದೂರ 52 ಮೀಟರಿನಿಂದ 51ಕ್ಕೆ ಇಳಿಯಿತು, ಯಾರೂ ಗಮನಿಸುವುದಿಲ್ಲ. ಸ್ಪ್ರಿಂಟ್ ಮಾತ್ರ 21 ಮೀಟರಿನಿಂದ 7ಕ್ಕೆ ಬಿತ್ತು. ಯಂತ್ರದಲ್ಲಿ ಶೇ 2ರ ತಪ್ಪು, ವರದಿಯಲ್ಲಿ ಮೂರನೇ ಎರಡು ಭಾಗ ಮಾಯ.

ಸ್ಪ್ರಿಂಟ್‌ಗಳ ಎಣಿಕೆಗೂ ಇದೇ ಪಾಡು. ನಡುವೆ ಒಂದು ಸೆಕೆಂಡ್ ವೇಗ 24.6ಕ್ಕೆ ಇಳಿದಿತ್ತಲ್ಲ, ಅಲ್ಲಿಗೆ ಒಂದು ಸ್ಪ್ರಿಂಟ್ ಮುಗಿದು ಮುಂದೆ ಹೊಸದು ಶುರುವಾಯಿತೇ? ಗೆರೆಯ ಮೇಲೆ ಕನಿಷ್ಠ ಇಷ್ಟು ಹೊತ್ತು ಇರಲೇಬೇಕು ಎಂಬ ನಿಯಮವನ್ನು ತಂತ್ರಾಂಶದಲ್ಲಿ ಮೊದಲೇ ಹಾಕಿರುತ್ತಾರೆ. ಒಂದು ಸೆಕೆಂಡ್ ಸಾಕು ಎಂದರೆ ಈ ಓಟದಲ್ಲಿ ಎರಡು ಸ್ಪ್ರಿಂಟ್. ಎರಡು ಸೆಕೆಂಡ್ ಬೇಕು ಎಂದರೆ ಒಂದೇ. ಇಬ್ಬರು ಆಟಗಾರರ ಸ್ಪ್ರಿಂಟ್ ಸಂಖ್ಯೆ ಹೋಲಿಸುವ ಮುನ್ನ ಈ ನಿಯಮವನ್ನು ಕೇಳಿಕೊಳ್ಳುವುದು ಒಳ್ಳೆಯದು. ಟಿವಿಯವರು ಅದನ್ನು ಹೇಳುವುದಿಲ್ಲ.

ಬ್ರೊಜೊವಿಚ್‌ನ 16.7

2022ರ ಡಿಸೆಂಬರ್ 5. ಕತಾರಿನ ಅಲ್ ಜನೂಬ್ ಕ್ರೀಡಾಂಗಣದಲ್ಲಿ ಕ್ರೊಯೇಷಿಯಾ ಮತ್ತು ಜಪಾನ್ ತಲಾ ಒಂದು ಗೋಲು ಹೊಡೆದು, ಹೆಚ್ಚುವರಿ ಆಟದಲ್ಲೂ ಇತ್ಯರ್ಥವಾಗದೆ ಪೆನಾಲ್ಟಿಗೆ ಹೋದವು. ಗೆದ್ದದ್ದು ಕ್ರೊಯೇಷಿಯಾ. ಅವರ ಮಿಡ್‌ಫೀಲ್ಡರ್ ಮಾರ್ಸೆಲೊ ಬ್ರೊಜೊವಿಚ್ ಅಂದು 16.7 ಕಿ.ಮೀ. ಸಾಗಿ ವಿಶ್ವಕಪ್ಪಿನ ದಾಖಲೆ ಬರೆದ. ಮುರಿದದ್ದು ತನ್ನದೇ ದಾಖಲೆಯನ್ನು: 2018ರ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ 16.3 ಕಿ.ಮೀ.

ಎರಡೂ ಹೆಚ್ಚುವರಿ ಆಟಕ್ಕೆ ಹೋದ ಪಂದ್ಯಗಳು. ಆದ್ದರಿಂದ 16.7ನ್ನು ಮಾಮೂಲಿ ಪಂದ್ಯದ 11ರ ಜೊತೆ ಹೋಲಿಸುವ ಮೊದಲು ನಿಮಿಷಕ್ಕೆ ಎಷ್ಟು ಎಂದು ನೋಡಬೇಕು. 16,700 ಮೀಟರನ್ನು 120ರಿಂದ ಭಾಗಿಸಿದರೆ ನಿಮಿಷಕ್ಕೆ 139 ಮೀಟರ್. ಅದೇ ದರದಲ್ಲಿ ತೊಂಬತ್ತು ನಿಮಿಷಕ್ಕೆ 12.5 ಕಿ.ಮೀ. ಗಾಯದ ಸಮಯವನ್ನೂ ಸೇರಿಸಿದರೆ ಇನ್ನೂ ಸ್ವಲ್ಪ ಇಳಿಯುತ್ತದೆ. ಸರಾಸರಿಗಿಂತ ಚೆನ್ನಾಗಿಯೇ ಮೇಲಿದೆ, ಆದರೆ ಒಳ್ಳೆಯ ಮಿಡ್‌ಫೀಲ್ಡರುಗಳು ಮುಟ್ಟುವ ಸಂಖ್ಯೆಯೇ. ಅವನ ಸಾಧನೆ ಇರುವುದು ಆ ದರವನ್ನು ಎರಡು ಗಂಟೆ ಎಳೆದುಕೊಂಡು ಹೋದದ್ದರಲ್ಲಿ. ಆಮೇಲೆ ಪೆನಾಲ್ಟಿಯನ್ನೂ ಗೋಲಾಗಿಸಿದ.

ಇಷ್ಟು ದೂರ ಮಿಡ್‌ಫೀಲ್ಡರಿಗೇ ಯಾಕೆ? ಚೆಂಡು ಯಾವ ಕಡೆ ಹೋದರೂ ಅವನು ಅದರ ಹತ್ತಿರಕ್ಕೆ ಸರಿಯಬೇಕು. ಅದು ಹೆಚ್ಚಾಗಿ ಎರಡನೇ, ಮೂರನೇ ವಲಯದ ನಿಲ್ಲದ ಓಟ. ಒಟ್ಟು ದೂರದ ಪಟ್ಟಿಯಲ್ಲಿ ಸಾಮಾನ್ಯವಾಗಿ ಕೆಳಗಿರುವವರು ಸೆಂಟರ್ ಬ್ಯಾಕ್‌ಗಳು. ಸ್ಪ್ರಿಂಟಿನ ಪಟ್ಟಿಯಲ್ಲಿ ಮೇಲಿರುವವರು ಅಂಚಿನಲ್ಲಿ ಆಡುವ ವಿಂಗರುಗಳು, ಫುಲ್ ಬ್ಯಾಕ್‌ಗಳು. ಸೆಂಟರ್ ಬ್ಯಾಕ್ ಒಂಬತ್ತೂವರೆ ಕಿ.ಮೀ. ಓಡಿದ, ಸೋಮಾರಿ ಎನ್ನುವವರು ಅವನ ಕೆಲಸವನ್ನೇ ನೋಡಿಲ್ಲ.

ವೇಗದ ಲೆಕ್ಕಕ್ಕೆ ಸಿಗದ ದಣಿವು

ಕಾರ್ನರ್ ಕಿಕ್ ಬರುವಾಗ ಡಿಫೆಂಡರ್ ನಿಂತಲ್ಲಿಂದ ಮೂರು ಹೆಜ್ಜೆ ಚಿಮ್ಮುತ್ತಾನೆ, ತಕ್ಷಣ ಬ್ರೇಕ್ ಹಾಕುತ್ತಾನೆ, ತಿರುಗಿ ಮತ್ತೆ ಚಿಮ್ಮುತ್ತಾನೆ. ಅವನ ವೇಗ ಗಂಟೆಗೆ 14 ಕಿ.ಮೀ. ದಾಟುವುದೇ ಇಲ್ಲ. ವಲಯದ ಪಟ್ಟಿ ಇದನ್ನು ನಿಧಾನದ ಓಟ ಎಂದು ಬರೆದುಕೊಳ್ಳುತ್ತದೆ. ತೊಡೆಯ ಸ್ನಾಯುವಿಗೆ ಮಾತ್ರ ಅದು ನಿಧಾನದ ಓಟವಲ್ಲ. ನಿಂತ ಮೈಯನ್ನು ವೇಗಕ್ಕೆ ತರಲು, ವೇಗದಲ್ಲಿರುವ ಮೈಯನ್ನು ನಿಲ್ಲಿಸಲು ಬೀಳುವ ಶ್ರಮ ಒಂದೇ ವೇಗದಲ್ಲಿ ಓಡುವ ಶ್ರಮಕ್ಕಿಂತ ಬಹಳ ಹೆಚ್ಚು.

ಇದಕ್ಕೆಂದೇ ಈಗಿನ ವರದಿಗಳಲ್ಲಿ ವೇಗ ಎಷ್ಟು ಬೇಗ ಏರಿತು, ಎಷ್ಟು ಬೇಗ ಇಳಿಯಿತು ಎಂಬ ಎಣಿಕೆಯನ್ನೂ ಸೇರಿಸುತ್ತಾರೆ. ಆದರೆ ನಡುಗುವ ಗುರುತಿನಿಂದ ವೇಗ ತೆಗೆದು, ಆ ವೇಗದಿಂದ ಮತ್ತೆ ಏರಿಳಿತ ತೆಗೆಯುವಾಗ ತಪ್ಪು ಎರಡು ಪಟ್ಟಿಗಿಂತಲೂ ಹಿಗ್ಗಬಹುದು. ಈ ಪುಟ್ಟ ಪೆಟ್ಟಿಗೆಗಳು ಕೊಡುವ ಸಂಖ್ಯೆಗಳಲ್ಲಿ ಒಟ್ಟು ದೂರ ಎಲ್ಲಕ್ಕಿಂತ ನಂಬಿಕಸ್ಥ, ಸ್ಪ್ರಿಂಟ್ ಅದಕ್ಕಿಂತ ಕಡಿಮೆ, ಈ ಏರಿಳಿತ ಇನ್ನೂ ಕಡಿಮೆ. ಯಾವುದು ಹೆಚ್ಚು ತಿಳಿಯಬೇಕೋ ಅದೇ ಕಡಿಮೆ ನಂಬಿಕೆಯದ್ದು ಎಂಬುದು ಈ ವಿದ್ಯೆಯ ಹಣೆಬರಹ.

ಹದಿನಾಲ್ಕರ ಹುಡುಗನಿಗೆ ಯಾರ ಗೆರೆ?

25ರ ಗೆರೆ ಬೆಳೆದ ವೃತ್ತಿಪರ ಗಂಡಸರದು. ಫಿಫಾ ತನ್ನ ಮಹಿಳಾ ವಿಶ್ವಕಪ್ಪಿನ ವರದಿಗಳಲ್ಲಿ ಸ್ಪ್ರಿಂಟಿನ ಗೆರೆಯನ್ನು 23ಕ್ಕೆ ಇಳಿಸಿದೆ. ಹಾಗಾದರೆ ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಆಡುವ ಹದಿನಾಲ್ಕರ ಹುಡುಗನಿಗೆ?

ಅವನು ಜೀವ ಬಿಟ್ಟು ಓಡಿದಾಗ ಮುಟ್ಟುವ ವೇಗ 24 ಎಂದುಕೊಳ್ಳಿ. ದೊಡ್ಡವರ ಗೆರೆ ಹಾಕಿದರೆ ವರ್ಷವಿಡೀ ಅವನ ಸ್ಪ್ರಿಂಟ್ ಸೊನ್ನೆ. ಪಂದ್ಯದಲ್ಲಿ ಇಪ್ಪತ್ತು ಸಲ ತನ್ನ ಪೂರ್ತಿ ಶಕ್ತಿ ಸುರಿದು ಓಡಿದ ಹುಡುಗ ಏನೂ ಮಾಡಲಿಲ್ಲ ಎಂದು ವರದಿ ಹೇಳುತ್ತದೆ. ಅದನ್ನು ನಂಬಿದ ಮೇಷ್ಟ್ರು ಮರುದಿನ ಇನ್ನಷ್ಟು ಓಡಿಸಿದರೆ ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಳ್ಳುವುದು ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ಇದಕ್ಕೆ ಒಂದು ದಾರಿಯಿದೆ. ಮೊದಲು ಅವನ ಗರಿಷ್ಠ ವೇಗವನ್ನು ನೇರ ಓಟದಲ್ಲಿ ಅಳೆದುಕೊಂಡು, ಅದರ ಶೇ 80 ದಾಟಿದ್ದನ್ನೆಲ್ಲ ಅವನ ಸ್ಪ್ರಿಂಟ್ ಎಂದು ಎಣಿಸುವುದು. 24ರ ಹುಡುಗನಿಗೆ ಗೆರೆ 19.2 ಆಗುತ್ತದೆ. ಈ ಲೆಕ್ಕದಲ್ಲಿ ಅವನನ್ನು ಪಕ್ಕದ ಹುಡುಗನ ಜೊತೆ ಹೋಲಿಸಲಾಗದು. ಅವನದೇ ಹೋದ ವಾರದ ಜೊತೆ ಹೋಲಿಸಬಹುದು, ಮತ್ತು ತರಬೇತಿಗೆ ಬೇಕಾದದ್ದು ಅದೇ. ಬೆಳೆಯುವ ವಯಸ್ಸಾದ್ದರಿಂದ ಗರಿಷ್ಠ ವೇಗವನ್ನು ಆಗಾಗ ಮತ್ತೆ ಅಳೆಯಬೇಕು, ಇಲ್ಲವಾದರೆ ಹಳೇ ಗೆರೆ ಆರು ತಿಂಗಳಲ್ಲಿ ಸುಳ್ಳು ಹೇಳಲು ಶುರುಮಾಡುತ್ತದೆ.

ಪೆಟ್ಟಿಗೆ ಇಲ್ಲದೆ

ಕ್ಯಾಮೆರಾ, ಉಪಗ್ರಹ ಎರಡೂ ಇಲ್ಲದ ಕಾಲದಲ್ಲಿ ಇದನ್ನು ಅಳೆದವರಿದ್ದಾರೆ. ಟಾಮ್ ರೈಲಿ ಮತ್ತು ವಾನ್ ಥಾಮಸ್ 1976ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಈ ಕ್ಷೇತ್ರದ ಮೊದಲ ಪಾಠ. ಕಟ್ಟೆಯಲ್ಲಿ ಕೂತ ವೀಕ್ಷಕ ಒಬ್ಬನೇ ಆಟಗಾರನ ಮೇಲೆ ಕಣ್ಣಿಟ್ಟು, ಅವನ ಚಲನೆಯ ಬಗೆ ಮತ್ತು ಹೆಜ್ಜೆಗಳನ್ನು ಟೇಪ್ ರೆಕಾರ್ಡರಿಗೆ ಸಂಕೇತದಲ್ಲಿ ಹೇಳುತ್ತಾ ಹೋಗುತ್ತಿದ್ದ. ನಡಿಗೆಯಲ್ಲಿ ಒಂದು ಹೆಜ್ಜೆ ಎಷ್ಟುದ್ದ, ಓಟದಲ್ಲಿ ಎಷ್ಟುದ್ದ ಎಂದು ಮೊದಲೇ ಅಳೆದಿಟ್ಟುಕೊಂಡಿದ್ದರು. ಅವರಿಗೆ ಸಿಕ್ಕ ಸರಾಸರಿ ಸುಮಾರು 8.7 ಕಿ.ಮೀ. ಚೆಂಡು ಕಾಲಲ್ಲಿಟ್ಟುಕೊಂಡು ಸಾಗಿದ್ದು ಅದರಲ್ಲಿ ಶೇ 2ಕ್ಕಿಂತ ಕಡಿಮೆ.

ಚನ್ನರಾಯಪಟ್ಟಣದ ಕಾಲೇಜು ಮೈದಾನದಲ್ಲಿ ಇದನ್ನು ಇವತ್ತೂ ಮಾಡಬಹುದು. ಮೊದಲು ಸುಣ್ಣದಲ್ಲಿ 30 ಮೀಟರ್ ಗುರುತು ಹಾಕಿ ಆಟಗಾರನನ್ನು ಅದರಲ್ಲಿ ನಡೆಸಿ, ನಿಧಾನ ಓಡಿಸಿ, ಪೂರ್ತಿ ಓಡಿಸಿ ಹೆಜ್ಜೆ ಎಣಿಸಬೇಕು. ನಡಿಗೆಯಲ್ಲಿ 40 ಹೆಜ್ಜೆ ಬಂದರೆ ಹೆಜ್ಜೆಗೆ 75 ಸೆಂಟಿಮೀಟರ್. ಪೂರ್ತಿ ಓಟದಲ್ಲಿ 18 ಬಂದರೆ 1.67 ಮೀಟರ್. ಪೂರ್ತಿ ಓಟಕ್ಕೆ ಗುರುತಿನ ಹಿಂದಿನಿಂದಲೇ ಓಡಿಕೊಂಡು ಬರಬೇಕು, ಇಲ್ಲದಿದ್ದರೆ ಶುರುವಿನ ಗಿಡ್ಡ ಹೆಜ್ಜೆಗಳು ಲೆಕ್ಕ ಕೆಡಿಸುತ್ತವೆ. ಪಂದ್ಯದ ದಿನ ಒಬ್ಬ ನೋಡಿ ಹೇಳುವವನು, ಅವನ ಮಾತು ರೆಕಾರ್ಡ್ ಮಾಡಲು ಒಂದು ಮೊಬೈಲು. ಇಡೀ ಆಟವನ್ನು ಎತ್ತರದಿಂದ ವಿಡಿಯೊ ಮಾಡಲು ಇನ್ನೊಂದು.

ವಿಡಿಯೊ ಬೇಕಿರುವುದು ನೋಡುವವನನ್ನು ಪರೀಕ್ಷಿಸಲು. ವಾರ ಬಿಟ್ಟು ಅದೇ ಹತ್ತು ನಿಮಿಷವನ್ನು ಅವನಿಂದಲೇ ಮತ್ತೆ ಎಣಿಸಬೇಕು. ಎರಡು ಸಲದ ದೂರಗಳ ನಡುವೆ 80 ಮೀಟರ್ ವ್ಯತ್ಯಾಸ ಬಂತು ಎನ್ನಿ. ತೊಂಬತ್ತು ನಿಮಿಷಕ್ಕೆ ಅದು 700 ಮೀಟರಿನ ಮೇಲೆ ಹೋಗಬಹುದು. ಆಗ ಒಬ್ಬ ಹುಡುಗ ಈ ಭಾನುವಾರ ಹೋದ ವಾರಕ್ಕಿಂತ 400 ಮೀಟರ್ ಕಡಿಮೆ ಓಡಿದ ಎಂದು ಅವನನ್ನು ಬೆಂಚಿನಲ್ಲಿ ಕೂರಿಸಲು ಬರುವುದಿಲ್ಲ.